ಕ್ವಿಂಟಲಿಗೆ ಎಂಬತ್ತು ರೂಪಾಯಿ

ಅಪ್ಪನಿಗೆ ನಾನು ಬೈದದ್ದು ಎಂಬತ್ತು ರೂಪಾಯಿಗಾಗಿ. ಕ್ವಿಂಟಲಿಗೆ ಎಂಬತ್ತು. ಅದೂ ಹಣ್ಣು ಕೀಳುವ ಆರು ಹೆಂಗಸರು, ಪಿಕಪ್ ಡ್ರೈವರ್, ಎಲ್ಲರ ಎದುರಿಗೆ.

ನನ್ನ ಬಾಯಿ ಸರಿಯಿಲ್ಲ ಅನ್ನುವುದು ಹೊಸ ವಿಷಯವೇನಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಕೂತಿರುತ್ತದೆ. "ನೀನು ಟೊಮೆಟೊ ಬದಲು ಮೆಣಸಿನಕಾಯಿ ಬೆಳೀಬೇಕಿತ್ತು ಕಣೇ, ಪಕ್ಕದಲ್ಲಿ ನಿಂತ್ಕೊಂಡ್ರೆ ಸಾಕು, ಖಾರ ತಾನಾಗೇ ಬರ್ತಿತ್ತು" ಅಂತ ನನ್ನ ಗಂಡ ಹೇಳಿ ಹೇಳಿ ಆ ಜೋಕು ಹಳಸಿಹೋಗಿದೆ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸಂಬಳ ಬರುತ್ತದೆ, ಮನೆ ನಡೆಯುತ್ತದೆ. ಒಂದೂವರೆ ಎಕರೆ ಟೊಮೆಟೊ ನನ್ನದು, ಅಪ್ಪನದು. ಅಮ್ಮ ಹೋದ ಮೇಲೆ ಅಪ್ಪ ನಮ್ಮ ಮನೆಯಲ್ಲೇ ಇದ್ದ.

ಎಪ್ಪತ್ತನಾಲ್ಕು ವರ್ಷ. ಮಂಡಿಚಿಪ್ಪು ಸವೆದಿತ್ತು, ಗಿಡದ ಸಾಲಿನಲ್ಲಿ ಬಗ್ಗಿ ಕೀಳುವುದು ಅವನಿಂದ ಆಗುತ್ತಿರಲಿಲ್ಲ. ಔಷಧಿ ಹೊಡೆಯುವುದಕ್ಕೆ ನಾನು ಬಿಡುತ್ತಿರಲಿಲ್ಲ. ಮಾರ್ಕೆಟ್ಟಿಗೆ ಬರುವುದು ಎರಡು ವರ್ಷದ ಹಿಂದೆಯೇ ನಿಂತಿತ್ತು. ಅವನಿಗೆ ಉಳಿದಿದ್ದದ್ದು ಒಂದೇ ಒಂದು ಕೆಲಸ, ಬಾಕ್ಸ್ ತುಂಬುವುದು. ಶೆಡ್ಡಿನಲ್ಲಿ ಒಂದು ಗಿಡ್ಡ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು, ಎದುರಿಗೆ ಹಣ್ಣಿನ ರಾಶಿ, ಪಕ್ಕದಲ್ಲಿ ಖಾಲಿ ಬಾಕ್ಸ್. ಕೀಳುವ ದಿನ ಬೆಳಗ್ಗೆ ಐದಕ್ಕೇ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕೂರುತ್ತಿದ್ದ. "ಎಲ್ಲಿಗಪ್ಪಾ, ಮದುವೆಗಾ?" ಅಂತ ನಾನು ರೇಗಿಸಿದರೆ, "ಹೆಣ್ಣು ಕಳಿಸ್ತಿರೋರು ನಾವೇ ಅಲ್ವೇನೇ" ಅನ್ನುತ್ತಿದ್ದ.

ಬೇರೆಯವರು ಹಣ್ಣನ್ನು ಬುಟ್ಟಿಯಿಂದ ಬಾಕ್ಸಿಗೆ ಸುರಿಯುತ್ತಾರೆ, ಬಾಕ್ಸಿನ ಬದಿಯಲ್ಲಿರುವ ಕೈತೂತಿನ ಮಟ್ಟಕ್ಕೆ ಬಂದ ಕೂಡಲೇ ನಿಲ್ಲಿಸುತ್ತಾರೆ. ಅಪ್ಪ ಸುರಿಯುತ್ತಿರಲಿಲ್ಲ, ಜೋಡಿಸುತ್ತಿದ್ದ. ಒಂದೊಂದೇ ಹಣ್ಣನ್ನು ಕೈಯಲ್ಲಿ ತಿರುಗಿಸಿ ನೋಡಿ, ತೊಟ್ಟಿನ ಕಡೆ ಕೆಳಗೆ ಮಾಡಿ, ಎರಡು ಹಣ್ಣಿನ ಸಂದಿಗೆ ಮೂರನೆಯದನ್ನು ಕೂರಿಸಿ, ಸಾಲಿನ ಮೇಲೆ ಸಾಲು. ಅದುಮುತ್ತಿರಲಿಲ್ಲ, ಒಂದು ಹಣ್ಣೂ ಬಿರಿಯುತ್ತಿರಲಿಲ್ಲ. ಮೇಲಿನ ಸಾಲು ಬಾಕ್ಸಿನ ಅಂಚಿಗೆ ಸರಿಯಾಗಿ ಬಂದು ನಿಲ್ಲುತ್ತಿತ್ತು. ತಳದಲ್ಲಿ ಎಂಥ ಹಣ್ಣೋ ಮೇಲೂ ಅಂಥದ್ದೇ. ಕೆಲಸದ ಹೆಂಗಸರು ಮೂರು ಬಾಕ್ಸ್ ತುಂಬುವಷ್ಟರಲ್ಲಿ ಅಪ್ಪನದು ಒಂದಾಗುತ್ತಿತ್ತು. ಅದಕ್ಕೇ ಅವರು ವಿಂಗಡಿಸಿ ಕೊಡುವುದು, ಬಾಕ್ಸಿಗೆ ಇಡುವುದು ಮಾತ್ರ ಅಪ್ಪನ ಕೈಯಲ್ಲೇ ಆಗಬೇಕು.

ಈಗ ಲೆಕ್ಕ ಹೇಳುತ್ತೇನೆ, ಯಾಕೆಂದರೆ ಎಲ್ಲ ಹಾಳಾಗಿದ್ದು ಲೆಕ್ಕದಿಂದಲೇ.

ನಮ್ಮ ಮಾರ್ಕೆಟ್ಟಿನಲ್ಲಿ ಟೊಮೆಟೊ ಹರಾಜಾಗುವುದು ಬಾಕ್ಸಿನ ಲೆಕ್ಕದಲ್ಲಿ, ತೂಕದ ಲೆಕ್ಕದಲ್ಲಲ್ಲ. ಒಂದು ಬಾಕ್ಸ್ ಅಂದರೆ ಹದಿನೈದು ಕೆಜಿ ಅಂತ ಒಪ್ಪಂದ, ಯಾರೂ ತೂಗುವುದಿಲ್ಲ. ಆ ಬೆಳೆಗೆ ನಮ್ಮ ಬಾಕ್ಸಿಗೆ ನೂರ ಅರವತ್ತು ರೂಪಾಯಿ ಸಿಗುತ್ತಿತ್ತು. ಅದರಲ್ಲಿ ಹರಾಜು ಹಾಕಿಸುವ ಮಂಡಿಯವನ ಕಮಿಷನ್ ನೂರಕ್ಕೆ ಹತ್ತರಂತೆ ಹದಿನಾರು. ಪಿಕಪ್ ಬಾಡಿಗೆ ಬಾಕ್ಸಿಗೆ ಹದಿನೆಂಟು. ತೋಟದಲ್ಲಿ ಗಾಡಿಗೆ ಹತ್ತಿಸುವುದಕ್ಕೆ ಎರಡು, ಮಾರ್ಕೆಟ್ಟಿನಲ್ಲಿ ಇಳಿಸಿ ಜೋಡಿಸುವ ಹಮಾಲಿಗೆ ನಾಲ್ಕು. ಕಳೆದರೆ ಕೈಗೆ ನೂರ ಇಪ್ಪತ್ತು. ಸಸಿ, ಕೋಲು, ದಾರ, ಗೊಬ್ಬರ, ಔಷಧಿ, ಕೀಳುವ ಕೂಲಿ ಎಲ್ಲ ಸೇರಿ ಒಂದು ಕ್ವಿಂಟಲ್ ಹಣ್ಣಿಗೆ ನನಗೆ ಬೀಳುತ್ತಿದ್ದದ್ದು ಆರುನೂರ ಇಪ್ಪತ್ತು. ಒಂದು ಸಲ ಕಿತ್ತರೆ ಮೂವತ್ತು ಕ್ವಿಂಟಲ್, ನೂರ ಎಂಬತ್ತು ಬಾಕ್ಸ್. ಎಲ್ಲ ಕೂಡಿ ಕಳೆದು ನೋಡಿದರೆ ಕ್ವಿಂಟಲಿಗೆ ನೂರು ರೂಪಾಯಿ ಲಾಭ. ಬರೀ ನೂರು.

ಆ ವರ್ಷ ಗಂಡ ಒಂದು ಮಾತು ಹೇಳಿದ್ದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. "ನೋಡು, ನೂರು ರೂಪಾಯಿಗೋಸ್ಕರ ಮೂರು ತಿಂಗಳು ಬೆನ್ನು ಮುರ್ಕೊಳ್ತೀಯ. ಒಂದ್ಸಲ ಮಾರ್ಕೆಟ್ ಬಿದ್ರೆ ಅದೂ ಇಲ್ಲ. ಕ್ವಿಂಟಲಿಗೆ ನೂರೈವತ್ತು ಉಳಿಯೋ ಹಾಗಿದ್ರೆ ಮುಂದಿನ ಬೆಳೆ ಇಡು, ನಾನು ಮಾತಾಡಲ್ಲ. ಇಲ್ಲಾಂದ್ರೆ ಹಾಲಿನ ಡೈರಿಯವರು ಮೇವು ಬೆಳೆಯೋಕೆ ಜಮೀನು ಕೇಳ್ತಿದ್ದಾರೆ, ಗುತ್ತಿಗೆಗೆ ಕೊಟ್ಟುಬಿಡೋಣ. ನೀನೂ ಸ್ವಲ್ಪ ಕಾಲು ಚಾಚಿ ಕೂತ್ಕೋ."

ಕಾಲು ಚಾಚಿ ಕೂರುವುದು ನನಗೇನೋ ಸರಿ. ಅಪ್ಪನಿಗೆ? ಶೆಡ್ಡಿಲ್ಲ, ಬಾಕ್ಸಿಲ್ಲ ಅಂದಮೇಲೆ ಅವನು ಯಾತಕ್ಕೆ ಐದಕ್ಕೆ ಏಳಬೇಕು, ಯಾತಕ್ಕೆ ಅಂಗಿಗೆ ಇಸ್ತ್ರಿ? ನನಗೆ ಬೇಕಾಗಿದ್ದದ್ದು ಇನ್ನು ಐವತ್ತು ರೂಪಾಯಿ. ನರ್ಸರಿಯವನು ಸಸಿ ಬುಕ್ ಮಾಡುವುದಕ್ಕೆ ಹತ್ತು ದಿನ ಗಡುವು ಕೊಟ್ಟಿದ್ದ. ಆ ಹತ್ತು ದಿನವೂ ನನ್ನ ತಲೆಯಲ್ಲಿ ಐವತ್ತೇ ಗಿರಕಿ ಹೊಡೆಯುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಗೊಬ್ಬರ ತೂಗುವುದಕ್ಕೆ ತಂದಿದ್ದ ತಕ್ಕಡಿ ಶೆಡ್ಡಿನಲ್ಲಿತ್ತು. ಸುಮ್ಮನೆ, ಯಾವ ಯೋಚನೆಯೂ ಇಲ್ಲದೆ, ಅಪ್ಪ ತುಂಬಿದ ಒಂದು ಬಾಕ್ಸ್ ಎತ್ತಿ ಅದರ ಮೇಲಿಟ್ಟೆ. ಖಾಲಿ ಬಾಕ್ಸಿನ ತೂಕ ಕಳೆದರೆ ಹದಿನಾರು ಕೆಜಿ ಏಳುನೂರು ಗ್ರಾಂ. ತಕ್ಕಡಿ ಕೆಟ್ಟಿದೆ ಅಂದುಕೊಂಡು ಇನ್ನೊಂದು ಇಟ್ಟೆ. ಹದಿನಾರು ಆರುನೂರ ಐವತ್ತು. ಮತ್ತೊಂದು. ಅಷ್ಟೇ.

ಅಲ್ಲೇ ರಟ್ಟಿನ ಮೇಲೆ ಗೀಚಿ ನೋಡಿದೆ. ಮೂರು ಕ್ವಿಂಟಲ್ ಹಣ್ಣಿನಲ್ಲಿ ಬೇರೆಯವರು ಇಪ್ಪತ್ತು ಬಾಕ್ಸ್ ಮಾಡುತ್ತಾರೆ. ನಾವು ಹದಿನೆಂಟು. ಎರಡು ಬಾಕ್ಸ್ ಪುಕ್ಕಟೆ! ಇಪ್ಪತ್ತೇ ಮಾಡಿದ್ದರೆ, ಬಾಡಿಗೆ, ಹಮಾಲಿ, ಕಮಿಷನ್ ಎಲ್ಲ ಆ ಎರಡು ಬಾಕ್ಸಿಗೂ ಕೊಟ್ಟ ಮೇಲೂ, ಕ್ವಿಂಟಲಿಗೆ ಎಂಬತ್ತು ರೂಪಾಯಿ ಹೆಚ್ಚು ಬರುತ್ತಿತ್ತು. ನೂರರ ಜಾಗದಲ್ಲಿ ನೂರ ಎಂಬತ್ತು. ಎಷ್ಟು ವರ್ಷದಿಂದ ಹೀಗೆ ಸೋರಿಹೋಗಿದೆಯೋ! ನಾನು ಐವತ್ತಕ್ಕೆ ಬಾಯಿ ಬಾಯಿ ಬಿಡುತ್ತಿದ್ದರೆ ಇಲ್ಲಿ ಎಂಬತ್ತು ಕಣ್ಣೆದುರಿಗೇ ಗಾಡಿ ಹತ್ತಿ ಹೋಗುತ್ತಿತ್ತು.

"ಅಪ್ಪಾ, ಯಾರಪ್ಪನ ಮನೆ ಗಂಟು ಅಂತ ಹೀಗೆ ತುಂಬ್ತಿದ್ದೀಯ?" ಅಂದೆ.

ಅಪ್ಪ ತಲೆ ಎತ್ತಿದ. ಕೈಯಲ್ಲಿ ಒಂದು ಹಣ್ಣು ಹಾಗೇ ಇತ್ತು. "ಯಾಕೆ ಪುಟ್ಟಿ, ಏನಾಯ್ತು?"

"ಏನಾಯ್ತಾ? ಹದಿನೈದು ಕೆಜಿ ಬಾಕ್ಸಿಗೆ ಹದಿನೇಳು ಕೆಜಿ ಹತ್ತತ್ರ ತುಂಬ್ತಿದ್ದೀಯಲ್ಲ, ವ್ಯಾಪಾರಸ್ಥರೇನು ನಿನ್ನ ಅಳಿಯಂದಿರಾ? ನಾನಿಲ್ಲಿ ರಕ್ತ ಬೆವರು ಮಾಡ್ಕೊಂಡು ಬೆಳೀತೀನಿ, ನೀನು ಕೂತಲ್ಲೇ ಕೂತು ದಾನ ಮಾಡ್ತೀಯ!"

"ಹಾಗಲ್ಲಮ್ಮ..." ಅಪ್ಪ ಹಣ್ಣನ್ನು ಬಾಕ್ಸಿನಲ್ಲಿಟ್ಟ. "ತಗೊಂಡೋನು ಮನೆಗೆ ಹೋಗಿ ನೋಡ್ತಾನೆ. ಅವನಿಗೆ ಗೊತ್ತಾಗುತ್ತೆ."

"ಏನು ಗೊತ್ತಾಗುತ್ತೆ? ನಾವು ದಡ್ಡರು ಅಂತ ಗೊತ್ತಾಗುತ್ತೆ! ನೀನು ತುಂಬಿ ಕೊಡೋದಕ್ಕಾ ನಮಗೆ ನೂರ ಅರವತ್ತು ಸಿಗ್ತಿರೋದು? ಹಣ್ಣು ಚೆನ್ನಾಗಿದೆ, ಅದಕ್ಕೆ ಸಿಗ್ತಿದೆ. ಬೆಳೆದೋಳು ನಾನು. ಈ ಮನೆಗೆ ತೂತಿರೋದು ಎಲ್ಲೂ ಅಲ್ಲ ಕಣಪ್ಪಾ, ನಿನ್ನ ಈ ಕೈಲಿ!"

ಹೆಂಗಸರು ತಲೆ ತಗ್ಗಿಸಿ ವಿಂಗಡಿಸತೊಡಗಿದರು. ಪಿಕಪ್ ಡ್ರೈವರ್ ಹೊರಗೆ ಹೋಗಿ ಗಾಡಿಯ ಟೈರು ಒದೆಯುತ್ತಾ ನಿಂತ. ಅಪ್ಪ ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಟೊಮೆಟೊ ಮುಟ್ಟಿ ಮುಟ್ಟಿ ಬೆರಳ ತುದಿಯೆಲ್ಲ ಹಸಿರುಗಪ್ಪು. ಎದುರಾಡಿದ್ದರೆ ನಾನು ಇನ್ನೂ ಕೂಗುತ್ತಿದ್ದೆ, ನನಗೆ ಗೊತ್ತು.

"ಎಷ್ಟು ತುಂಬಬೇಕು ಹೇಳು," ಅಂದ.

ಆಗಲಾದರೂ ನಾನು ಸುಮ್ಮನಿರಬೇಕಿತ್ತು. ಹೋಗಿ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಾಕ್ಸಿನ ಬದಿಗೆ ಬೆರಳಿಟ್ಟು ತೋರಿಸಿದೆ. "ಈ ಕೈತೂತು ಇದೆಯಲ್ಲ, ಹಣ್ಣು ಇಲ್ಲಿಗೆ ಬಂದ್ರೆ ಸಾಕು. ಜೋಡಿಸೋದೂ ಬೇಡ, ಸುರಿ. ಎಲ್ಲರೂ ಹಾಗೇ ಮಾಡ್ತಾರೆ." ಸಣ್ಣ ಮಗುವಿಗೆ ತೋರಿಸುವ ಹಾಗೆ ಎರಡೆರಡು ಸಲ ತೋರಿಸಿದೆ. ಅಪ್ಪ ಹೂಂ ಅಂದ. ಆಗಲೇ ತುಂಬಿಟ್ಟಿದ್ದ ಬಾಕ್ಸುಗಳಿಂದಲೂ ಮೇಲಿನ ಸಾಲು ತೆಗೆಸಿದೆ. ಸಾಲದ್ದಕ್ಕೆ ಎಲ್ಲವನ್ನೂ ರಾಶಿಗೆ ಸುರಿದು ಮತ್ತೆ ತುಂಬಿಸಿದೆವು. ಅವತ್ತು ಇನ್ನೂರು ಬಾಕ್ಸ್ ಆಯಿತು.

ಮಾರ್ಕೆಟ್ಟಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಹೋಟೆಲುಗಳಿಗೆ, ಹಾಸ್ಟೆಲುಗಳಿಗೆ ತರಕಾರಿ ಕೊಡುವವನು. ದಪ್ಪ ಮೈ, ಕೆಂಪು ಟವೆಲ್. ಎಲ್ಲರೂ ಅವನನ್ನು ಟವೆಲ್ ಸಾಹುಕಾರ ಅಂತಲೇ ಕರೆಯುವುದು. ನಮ್ಮ ಹಣ್ಣು ಹೆಚ್ಚುಕಡಿಮೆ ಯಾವಾಗಲೂ ಅವನಿಗೇ ಹೋಗುತ್ತಿತ್ತು. ಹತ್ತು ದಿನದಿಂದ ಮಾರ್ಕೆಟ್ ನೂರ ನಲವತ್ತಕ್ಕೆ ಅಂಟಿಕೊಂಡಿತ್ತು. ಅವನು ಮಾತ್ರ ನಮ್ಮ ಬಾಕ್ಸ್ ನೋಡಿದ ಕೂಡಲೇ ನೂರ ಅರವತ್ತು ಅಂತ ಕೂಗಿ, "ಯಜಮಾನ್ರು ಹೇಗಿದ್ದಾರಮ್ಮ?" ಅಂತ ಅಪ್ಪನ ವಿಷಯ ಕೇಳಿ ಮುಂದಕ್ಕೆ ಹೋಗುತ್ತಿದ್ದ. ಅವತ್ತೂ ಹಾಗೇ ಮಾಡಿದ. ಬಾಕ್ಸ್ ಮುಟ್ಟಿಯೂ ನೋಡಲಿಲ್ಲ. ಇನ್ನೂರು ಬಾಕ್ಸ್, ನೂರ ಅರವತ್ತು.

ಮಂಡಿಯವನು ಕೊಟ್ಟ ಚೀಟಿ ಹಿಡಿದು ಮನೆಗೆ ಬರುವಾಗ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಕ್ವಿಂಟಲಿಗೆ ನೂರ ಎಂಬತ್ತು! ದಾರಿಯಲ್ಲೇ ನರ್ಸರಿಗೆ ಹೋಗಿ ಮುಂದಿನ ಬೆಳೆಯ ಸಸಿಗೆ ಅಡ್ವಾನ್ಸ್ ಕೊಟ್ಟೆ. ಗಂಡನಿಗೆ ಫೋನು ಮಾಡಿ ಹೇಳಿದೆ. "ಆಯ್ತು ಮಹಾರಾಯ್ತಿ, ನೀನೇ ಗೆದ್ದೆ" ಅಂದ. ಮನೆಗೆ ಬಂದು ಚೀಟಿಯನ್ನು ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟೆ.

"ನೋಡಪ್ಪಾ. ನಾನು ಹೇಳಿದ್ದಾ ಇಲ್ವಾ? ಸುಮ್ ಸುಮ್ನೆ ಇಷ್ಟು ವರ್ಷ!"

ಅಪ್ಪ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದ. ಆಮೇಲೆ ಮಡಚಿ ನನ್ನ ಕೈಗೇ ಕೊಟ್ಟ. "ನೀನು ಓದಿದೋಳು. ನನಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ," ಅಂದ. ಕೊಂಕು ಇರಲಿಲ್ಲ ಆ ಮಾತಿನಲ್ಲಿ. ಕೊಂಕಿದ್ದರೆ ಎಷ್ಟೋ ಚೆನ್ನಾಗಿತ್ತು. ಮೊಸರು ಹಾಕಿಕೊಳ್ಳದೆ ಎದ್ದುಹೋದ. ಸೆಖೆಗೆ ಇರಬೇಕು ಅಂದುಕೊಂಡೆ ನಾನು. ನಮ್ಮ ಜಮೀನು ಉಳಿಸಿದ್ದೇನೆ, ಅವನ ಸ್ಟೂಲು ಉಳಿಸಿದ್ದೇನೆ, ಇನ್ನೇನು ಬೇಕು ಅಂತಲೇ ನನ್ನ ಮನಸ್ಸಿನಲ್ಲಿತ್ತು.

ನಾಲ್ಕು ದಿನ ಬಿಟ್ಟು ಮತ್ತೆ ಕಿತ್ತೆವು. ಅಪ್ಪ ಎಂಟಕ್ಕೆ ಬಂದ. ಹಿಂದಿನ ದಿನದ ಅಂಗಿಯಲ್ಲೇ ಇದ್ದ. ಹೆಂಗಸರ ಜೊತೆ ತಾನೂ ಬುಟ್ಟಿ ಎತ್ತಿ ಬಾಕ್ಸಿಗೆ ಸುರಿದ, ಕೈತೂತಿಗೆ ಬಂದ ಕೂಡಲೇ ನಿಲ್ಲಿಸಿದ, ಪಕ್ಕಕ್ಕೆ ತಳ್ಳಿದ. ಎಷ್ಟು ಬೇಗ ಕೆಲಸ ಮುಗಿಯಿತು ಅಂತ ಹೆಂಗಸರೂ ಹೇಳಿದರು. ನನಗೂ ಖುಷಿಯಾಯಿತು. ಹನ್ನೊಂದಕ್ಕೆಲ್ಲ ಅಪ್ಪ ಮನೆಗೆ ಹೋಗಿ ಮಲಗಿದ.

ಅವತ್ತು ಮಾರ್ಕೆಟ್ಟಿನಲ್ಲಿ ನಮ್ಮ ಬಾಕ್ಸುಗಳನ್ನು ಇಳಿಸಿ ಒಂದರ ಮೇಲೊಂದು ಆರರಂತೆ ಜೋಡಿಸಿದ್ದರು. ಟವೆಲ್ ಸಾಹುಕಾರ ಬಂದ. ಕೂಗಲಿಲ್ಲ. ಬಗ್ಗಿ ಒಂದು ಬಾಕ್ಸಿನ ಎರಡೂ ಕೈತೂತಿಗೆ ಬೆರಳು ಹಾಕಿ ಎತ್ತಿದ, ಹಾಗೇ ಕೆಳಗಿಟ್ಟ. ಇನ್ನೊಂದು ಎತ್ತಿದ, ಇಟ್ಟ. ಆಮೇಲೆ ಒಂದನ್ನು ನೆಲದ ಮೇಲೆ ಹಾಸಿದ್ದ ಗೋಣಿಗೆ ಮಗುಚಿದ. ಅಷ್ಟು ವರ್ಷದಲ್ಲಿ ನಮ್ಮ ಬಾಕ್ಸನ್ನು ಮಗುಚಿ ನೋಡಿದ್ದು ಅದೇ ಮೊದಲು. ತಳದಲ್ಲಿ ಏಳೆಂಟು ಸಣ್ಣ ಹಣ್ಣು, ಒಂದು ಹಸಿರುಗಾಯಿ, ಸುರಿದ ಹೊಡೆತಕ್ಕೆ ಬಿರಿದ ಎರಡು. ಅದನ್ನು ಯಾರೂ ಬೇಕಂತ ಹಾಕಿರಲಿಲ್ಲ. ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿ ಇಡುವುದು ನಿಂತಮೇಲೆ ಅವು ತಾವಾಗಿಯೇ ಸೇರಿಕೊಂಡಿದ್ದವು.

"ಯಜಮಾನ್ರು..." ಅಂದು ಅವನು ನಿಲ್ಲಿಸಿದ. ಟವೆಲನ್ನು ಹೆಗಲಿನಿಂದ ತೆಗೆದ. "ಯಾವಾಗಮ್ಮ? ನನಗೆ ಯಾರೂ ಹೇಳಲೇ ಇಲ್ವಲ್ಲ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಕೂಡಲೇ ಎರಡೂ ಕೈ ಆಡಿಸಿದೆ. "ಇಲ್ಲ, ಇಲ್ಲ. ಅಪ್ಪ ಚೆನ್ನಾಗಿದ್ದಾನೆ. ಮನೇಲಿದ್ದಾನೆ."

"ಓ! ಸದ್ಯ, ದೇವರು ದೊಡ್ಡೋನು ಬಿಡಿ. ನಾನು ಏನೇನೋ ಅಂದ್ಕೊಂಡುಬಿಟ್ಟೆ. ಹೋದ ಸಲದ್ದೂ ಹೀಗೇ ಇತ್ತು, ನನ್ನ ಹೆಂಡತಿ ಹತ್ರ ಹೇಳ್ದೆ, ಪಾಪ ಮುದುಕಪ್ಪ ಹೋಗಿರಬೇಕು ಕಣೇ, ಇದು ಅವರ ಕೈ ಅಲ್ಲ ಅಂತ." ನಕ್ಕ. ಮತ್ತೆ ವ್ಯಾಪಾರಸ್ಥನ ಮುಖ ಮಾಡಿಕೊಂಡು ಹರಾಜು ಕೂಗುವವನ ಕಡೆ ತಿರುಗಿದ. "ನೂರ ನಲವತ್ತು ಹಾಕ್ಕೊಳ್ಳಿ."

"ಇದೇನು ಸಾಹುಕಾರ್ರೇ! ನಮ್ಮ ಹಣ್ಣಿಗೆ ಯಾವಾಗ್ಲೂ ಇಪ್ಪತ್ತು ಜಾಸ್ತಿ ಅಲ್ವಾ?"

"ಹಣ್ಣಿಗೆ ಯಾರಮ್ಮ ಕೊಟ್ರು?" ಅಂದ. ಜಗಳದ ದನಿಯಿರಲಿಲ್ಲ, ನನಗೆ ತಿಳಿಹೇಳುವ ದನಿ. "ಅದೇ ಸಸಿ, ಅದೇ ನರ್ಸರಿ, ನಿಮ್ಮ ಪಕ್ಕದ ತೋಟದವರ ಹಣ್ಣೂ ಹೀಗೇ ಇದೆ ನೋಡಿ. ಯಜಮಾನ್ರ ಬಾಕ್ಸಲ್ಲಿ ಒಂದೂವರೆ ಕೆಜಿ ಮೇಲೆಯೇ ಹೆಚ್ಚಿರ್ತಿತ್ತು, ಅದಕ್ಕೇ ಹದಿನೈದು ರೂಪಾಯಿ ಆಯ್ತಾ? ಮಗುಚಿ ವಿಂಗಡಿಸೋ ಆಳಿನ ಕೂಲಿ ನನಗೆ ಉಳೀತಿತ್ತು, ಅದಕ್ಕೆ ಐದು. ಕಣ್ಣು ಮುಚ್ಕೊಂಡು ಗಾಡಿಗೆ ಹಾಕಿಸ್ತಿದ್ದೆ ನಾನು. ಇಡೀ ಮಾರ್ಕೆಟ್ಟಲ್ಲಿ ಅವರೊಬ್ಬರ ಬಾಕ್ಸ್ ಹಾಗೆ."

ಮಂಡಿಯವನ ಮೇಜಿನ ಪಕ್ಕದಲ್ಲಿ ನಿಂತು ಚೀಟಿಯ ಹಿಂಬದಿಗೆ ಲೆಕ್ಕ ಹಾಕಿದೆ. ನೂರ ನಲವತ್ತರಲ್ಲಿ ಕಮಿಷನ್ ಹದಿನಾಲ್ಕು. ಬಾಡಿಗೆ, ಹತ್ತಿಸುವುದು, ಹಮಾಲಿ ಅದೇ ಇಪ್ಪತ್ತನಾಲ್ಕು, ಬೆಲೆ ಇಳಿಯಿತು ಅಂತ ಅವೇನೂ ಇಳಿಯುವುದಿಲ್ಲ. ಕೈಗೆ ನೂರ ಎರಡು. ಮೂರು ಕ್ವಿಂಟಲಿಗೆ ಇಪ್ಪತ್ತು ಬಾಕ್ಸ್, ಎರಡು ಸಾವಿರದ ನಲವತ್ತು. ಕ್ವಿಂಟಲಿಗೆ ಆರುನೂರ ಎಂಬತ್ತು. ಖರ್ಚು ಕಳೆದರೆ ಅರವತ್ತು. ಅಪ್ಪನ ಕೈಯಲ್ಲಿ ನೂರು ಬರುತ್ತಿತ್ತು. ನನ್ನ ಕೈಯಲ್ಲಿ ಅರವತ್ತು. ಅಪ್ಪ ಬಾಕ್ಸುಗಳನ್ನು ಕಡಿಮೆ ಮಾಡಿ ಬಾಡಿಗೆಯನ್ನೂ ಹಮಾಲಿಯನ್ನೂ ಉಳಿಸುತ್ತಿದ್ದ, ಬೆಲೆಯನ್ನೂ ಹೆಚ್ಚು ತರುತ್ತಿದ್ದ. ತಗೊಂಡವನಿಗೆ ಗೊತ್ತಾಗುತ್ತದೆ ಅಂತ ಒಂದೇ ಮಾತಿನಲ್ಲಿ ನನಗೆ ಹೇಳಿಯೂ ಇದ್ದ. ಓದಿದವಳು ನಾನು.

ಪಿಕಪ್ಪಿನಲ್ಲಿ ವಾಪಸ್ ಬರುವಾಗ ಅತ್ತುಬಿಟ್ಟೆ. ಊರು ಹತ್ತಿರ ಬಂದಾಗ ಡ್ರೈವರ್ ರಸ್ತೆ ನೋಡುತ್ತಲೇ, "ಅಕ್ಕಾ, ಅವತ್ತು ನೀವು ಹಾಗೆ ಮಾತಾಡಬಾರದಿತ್ತು" ಅಂದ. ಇನ್ನೊಂದು ದಿನವಾಗಿದ್ದರೆ ಅವನ ಜನ್ಮ ಜಾಲಾಡಿಬಿಡುತ್ತಿದ್ದೆ. ಹೂಂ ಅಂದೆ.

ಮನೆಗೆ ಹೋದಾಗ ಅಪ್ಪ ಹಿತ್ತಿಲ ಬಾಗಿಲಲ್ಲಿ ಕೂತಿದ್ದ. ಸುಮ್ಮನೆ. ಎದುರಿಗೆ ಏನೂ ಇರಲಿಲ್ಲ. ಕ್ಷಮಿಸಪ್ಪಾ ಅನ್ನುವುದು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದ ಮಾತಲ್ಲ, ಅದಕ್ಕೆ ನಾಲಿಗೆ ಹೊರಳಬೇಕಲ್ಲ. ಪಕ್ಕದಲ್ಲಿ ಹೋಗಿ ಕೂತೆ. ಲೆಕ್ಕವನ್ನೆಲ್ಲ ಹೇಳಿದೆ, ನೂರ ನಲವತ್ತು, ನೂರ ಎರಡು, ಅರವತ್ತು. ಟವೆಲ್ ಸಾಹುಕಾರ ಏನಂದ ಅಂತ ಒಂದಕ್ಷರ ಬಿಡದೆ ಹೇಳಿದೆ, ಅಪ್ಪ ಹೋಗಿಬಿಟ್ಟಿದ್ದಾನೆ ಅಂತ ಅವನು ಅಂದುಕೊಂಡದ್ದೊಂದನ್ನು ಬಿಟ್ಟು. "ನಂದೇ ತಪ್ಪಪ್ಪಾ. ನನ್ನ ಹಾಳು ಬಾಯಿ. ನೀನು ತುಂಬ್ತಿದ್ದದ್ದೇ ಸರಿ. ಅದರಿಂದಲೇ ನಮಗೆ ನೂರು ಉಳೀತಿತ್ತು. ಮುಂದಿನ ಸಲದಿಂದ ನೀನು ಮೊದಲಿನ ಹಾಗೇ ತುಂಬು. ನಾನು ಆ ಕಡೆ ತಲೆಯೂ ಹಾಕಲ್ಲ."

ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ. "ಹೋಗಲಿ ಬಿಡು. ನೀನೇನು ಬೇಕಂತ ಅಂದ್ಯಾ," ಅಂದ. ಕೋಪವಿರಲಿಲ್ಲ. ಇಷ್ಟಕ್ಕೇ ಮುಗಿಯಿತು, ಬದುಕಿದೆ ಅಂದುಕೊಂಡೆ. ಗಂಡನಿಗೆ ಅರವತ್ತರ ವಿಷಯವನ್ನೂ ಮುಚ್ಚಿಡದೆ ಹೇಳಿದೆ. ಅವನು, "ಸಸಿಗೆ ದುಡ್ಡು ಕೊಟ್ಟಾಗಿದೆಯಲ್ಲ, ಬೆಳಿ. ಮಾವ ಕೂತ್ಕೊಂಡು ತುಂಬಲಿ. ನೂರು ಬಂದ್ರೂ ಸಾಕು ಬಿಡು," ಅಂದ. ಡೈರಿಯವರಿಗೆ ಜಮೀನು ಇಲ್ಲ ಅಂತ ಹೇಳಿಕಳಿಸಿದ.

ಮುಂದಿನ ಸಲ ಕೀಳುವ ದಿನ ಬಂತು. ಅಂಗಿಯನ್ನು ನಾನೇ ಇಸ್ತ್ರಿ ಮಾಡಿ ಕೊಟ್ಟೆ, ಹಾಕಿಕೊಂಡ. ಹೆಂಗಸರು ವಿಂಗಡಿಸಿ ರಾಶಿ ಮಾಡಿದರು. ಸ್ಟೂಲಿನ ಎದುರಿಗೆ ಖಾಲಿ ಬಾಕ್ಸ್ ಇಟ್ಟು ನಾನು ದೂರ ಹೋಗಿ ನಿಂತೆ, ಮಾತು ಕೊಟ್ಟಿದ್ದೆನಲ್ಲ.

ಅಪ್ಪ ಒಂದು ಹಣ್ಣು ತಗೊಂಡ. ತಿರುಗಿಸಿ ನೋಡಿದ, ತೊಟ್ಟು ಕೆಳಗೆ ಮಾಡಿ ಇಟ್ಟ. ಎರಡನೆಯದು, ಮೂರನೆಯದು. ಎಲ್ಲ ಮೊದಲಿನ ಹಾಗೇ. ನನ್ನ ಜೀವ ತಣ್ಣಗಾಯಿತು. ಸಾಲಿನ ಮೇಲೆ ಸಾಲು ಏರುತ್ತಾ ಹಣ್ಣು ಕೈತೂತಿನ ಮಟ್ಟಕ್ಕೆ ಬಂತು. ಅಪ್ಪನ ಕೈ ಅಲ್ಲೇ ನಿಂತಿತು. ಮುಂದಿನ ಹಣ್ಣು ಕೈಯಲ್ಲಿ ಹಿಡಿದುಕೊಂಡೇ ಶೆಡ್ಡಿನ ತುಂಬ ಕಣ್ಣಾಡಿಸಿ ನನ್ನನ್ನು ಹುಡುಕಿದ.

"ಇನ್ನೊಂದು ಸಾಲು ಇಡಲಾ?" ಅಂದ.

"ಇಡಪ್ಪಾ. ನಿನಗೆ ಹೇಗೆ ಬೇಕೋ ಹಾಗೆ ಇಡು."

ಇಟ್ಟ. ಅಂಚಿಗೆ ಬಂತು. ಮತ್ತೆ ನನ್ನ ಕಡೆ ನೋಡಿದ. "ನೋಡು ಬಾ. ಹೆಚ್ಚಾಯ್ತಾ?"

ಹತ್ತಿರ ಹೋದೆ. ಬಾಕ್ಸ್ ಎಂದಿನ ಹಾಗೇ ಇತ್ತು, ಅಂಚಿಗೆ ಸರಿಯಾಗಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಐವತ್ತು ವರ್ಷದಿಂದ ತುಂಬಿದ ಕೈ ಅದು. "ಸರಿಯಾಗಿದೆಯಪ್ಪಾ" ಅಂದೆ. ಅವನು ತಲೆಯಾಡಿಸಿದ, ಬಾಕ್ಸನ್ನು ಪಕ್ಕಕ್ಕೆ ಸರಿಸಿದ, ಇನ್ನೊಂದನ್ನು ಎಳೆದುಕೊಂಡ. ಅದು ತುಂಬಿದ ಮೇಲೆ ಅದನ್ನೂ ನನ್ನ ಕಡೆ ತಿರುಗಿಸಿ ತೋರಿಸಿದ.

"ನನ್ನ ಕೇಳಬೇಡಪ್ಪಾ, ದಮ್ಮಯ್ಯ," ಅಂದೆ.

"ಇಲ್ಲ ಇಲ್ಲ, ಬೇಜಾರಿಗೆ ಕೇಳ್ತಿಲ್ಲ. ನನಗೆ ಈಗ ಗೊತ್ತಾಗಲ್ಲ ಪುಟ್ಟಿ. ನೀನೊಂದ್ಸಲ ನೋಡಿಬಿಟ್ರೆ ಧೈರ್ಯ," ಅಂದ. ನಿಜವಾಗಿಯೇ ಹೇಳಿದ. ಮಗಳ ಮೇಲಿನ ಮುನಿಸಿಗೆ ಆಡಿದ ಮಾತಲ್ಲ ಅದು.

ನಾನು ಒಂದು ಬುಟ್ಟಿ ಬೋರಲು ಹಾಕಿ ಅವನ ಪಕ್ಕದಲ್ಲೇ ಕೂತೆ. ಅವತ್ತು ನೂರ ಎಂಬತ್ತು ಬಾಕ್ಸ್ ಆಯಿತು. ಒಂದೊಂದೂ ತುಂಬಿದಾಗ ಅವನು ಕೈ ತಡೆದು ನನ್ನ ಮುಖ ನೋಡಿದ. ಒಂದೊಂದಕ್ಕೂ ನಾನು ಸರಿಯಾಗಿದೆಯಪ್ಪಾ ಅಂದೆ.